ಸೆಂಟ್ರಿಫ್ಯೂಜ್ ಮುಟ್ಟುವ ಮೊದಲು ಓದಿ: ಎಂ.ಎಸ್ಸಿ ಮೊದಲ ವರ್ಷದವರಿಗೆ

ನಮ್ಮ ಲ್ಯಾಬಿನ ಬೆಂಚ್ ಮೇಲೆ ಎರಡು ಸೆಂಟ್ರಿಫ್ಯೂಜ್ ಇವೆ. ಕಿಟಕಿ ಪಕ್ಕದ್ದು ಚಿಕ್ಕದು. 24 ತೂತಿನ ರೋಟರ್, 1.5 ಎಂ.ಎಲ್ ಟ್ಯೂಬ್‌ಗಳಿಗೆ. ಫ್ರಿಜ್ ಪಕ್ಕದ್ದು ದೊಡ್ಡದು, ತೂಗಾಡುವ ನಾಲ್ಕು ಬಕೆಟ್ ಇರುವುದು, 15 ಮತ್ತು 50 ಎಂ.ಎಲ್ ಟ್ಯೂಬ್‌ಗಳಿಗೆ. ಮೊದಲ ಮೂರು ಸಲ ಒಬ್ಬ ಸೀನಿಯರ್ ಪಕ್ಕದಲ್ಲಿ ಇದ್ದಾಗಲೇ ಓಡಿಸಿ. ನಾಲ್ಕನೇ ಸಲದಿಂದ ನಿಮ್ಮದೇ ಜವಾಬ್ದಾರಿ.

ಬ್ಯಾಲೆನ್ಸ್ ಯಾಕೆ ಬೇಕು

ವಾಷಿಂಗ್ ಮೆಷಿನ್‌ನಲ್ಲಿ ಒದ್ದೆ ಕಂಬಳಿ ಒಂದೇ ಕಡೆ ಗುಡ್ಡೆಯಾದರೆ ಏನಾಗುತ್ತೆ ಅಂತ ನೋಡಿರುತ್ತೀರಿ. ಧಡಧಡ ಅಂತ ಕುಣಿಯುತ್ತೆ. ಸೆಂಟ್ರಿಫ್ಯೂಜ್ ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತಿರುಗುತ್ತೆ.

ಲೆಕ್ಕ ಸುಲಭ. 12,000 ಜಿ ಅಂದರೆ ಟ್ಯೂಬಿನೊಳಗಿನ ಪ್ರತಿ ವಸ್ತುವೂ ತನ್ನ ತೂಕದ 12,000 ಪಟ್ಟು ಭಾರದಿಂದ ಹೊರಗೆ ಒತ್ತುತ್ತೆ. ಎದುರುಬದುರು ಟ್ಯೂಬ್‌ಗಳ ನಡುವೆ ಅರ್ಧ ಗ್ರಾಂ ವ್ಯತ್ಯಾಸ ಇದ್ದರೆ, ಓಡುವಾಗ ಅದು 6 ಕಿಲೋ ಎಳೆತ. ಆರು ಕಿಲೋ ಅಕ್ಕಿಯನ್ನು ರೋಟರಿನ ಒಂದೇ ಬದಿಗೆ ಕಟ್ಟಿದಂತೆ. ಅಷ್ಟನ್ನೂ ತಡೆದುಕೊಳ್ಳಬೇಕಾದ್ದು ಮೋಟಾರಿನ ದಂಡ ಮತ್ತು ಬೇರಿಂಗ್.

ಈ ಅರ್ಧ ಗ್ರಾಮಿನ ಲೆಕ್ಕ ಸುಮ್ನೆ ಹೇಳಿದ್ದಲ್ಲ. ನಾನು ಹೊಸಬನಾಗಿದ್ದಾಗ ಕ್ಲೋರೋಫಾರ್ಮ್ ಹಾಕಿದ್ದ ಒಂದು ಟ್ಯೂಬ್ ತಿರುಗಿಸಬೇಕಿತ್ತು. ಎದುರಿಗೆ ಅಷ್ಟೇ ಮಟ್ಟಕ್ಕೆ ನೀರು ತುಂಬಿದ ಟ್ಯೂಬ್ ಇಟ್ಟೆ. ಕಣ್ಣಿಗೆ ಎರಡೂ ಸಮ. ಆದರೆ 1 ಎಂ.ಎಲ್ ನೀರು 1 ಗ್ರಾಂ, 1 ಎಂ.ಎಲ್ ಕ್ಲೋರೋಫಾರ್ಮ್ ಹತ್ತಿರ ಹತ್ತಿರ 1.5 ಗ್ರಾಂ. ಮೆಷಿನ್ ಗೊರಗೊರ ಅಂತ ಶುರುವಾಗಿ, ಬೆಂಚ್ ಮೇಲೆ ಎರಡು ಬೆರಳಿನಷ್ಟು ಸರಿದು, ತಾನೇ ನಿಂತಿತು. ಸ್ಯಾಂಪಲ್ ಹಾಳಾಯಿತು, ಬೈಗುಳವೂ ಸಿಕ್ಕಿತು. ಆವತ್ತಿನಿಂದ ನಾನು ಕಣ್ಣಳತೆಯನ್ನು ನಂಬಿಲ್ಲ.

ಹಾಗಾಗಿ ಮಟ್ಟ ನೋಡಬೇಡಿ, ತೂಕ ನೋಡಿ. ತಕ್ಕಡಿ ಪಕ್ಕದಲ್ಲೇ ಇದೆ. ಚಿಕ್ಕ ಟ್ಯೂಬ್‌ಗಳಲ್ಲಿ ಜೋಡಿಯ ನಡುವೆ 0.05 ಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಬೇಡ. 50 ಎಂ.ಎಲ್ ಟ್ಯೂಬ್‌ಗಳಲ್ಲಿ 0.2 ಗ್ರಾಂ ಒಳಗಿರಲಿ. ಇದು ನಮ್ಮ ಲ್ಯಾಬಿನ ನಿಯಮ, ಮೆಷಿನ್ ತಡೆಯುವ ಮಿತಿಗಿಂತ ಬಿಗಿಯಾಗಿಯೇ ಇಟ್ಟಿದ್ದೇವೆ. ತೂಗುವಾಗ ಮುಚ್ಚಳವೂ ಸೇರಿರಲಿ. ಬ್ಯಾಲೆನ್ಸ್ ಟ್ಯೂಬಿಗೆ ಸ್ಯಾಂಪಲ್‌ನಲ್ಲಿರುವ ದ್ರವವನ್ನೇ ಹಾಕಿ. ಎಥನಾಲ್ ಎದುರಿಗೆ ಎಥನಾಲ್, ಬಫರ್ ಎದುರಿಗೆ ಬಫರ್. ತೂಕ ಒಂದೇ ಆದರೂ ಒಂದರಲ್ಲಿ ದ್ರವ ಕೆಳಗೆ, ಇನ್ನೊಂದರಲ್ಲಿ ಮೇಲಿನವರೆಗೆ ಇದ್ದರೆ ಭಾರ ಬೇರೆ ಬೇರೆ ಕಡೆ ಕೂರುತ್ತೆ. ಟ್ಯೂಬ್‌ಗಳೂ ಒಂದೇ ಜಾತಿಯವಾಗಿರಲಿ.

ಎಲ್ಲಿ ಇಡಬೇಕು

24 ತೂತಿನ ರೋಟರಿನಲ್ಲಿ ಎದುರಿನ ತೂತು ಅಂದರೆ 12 ಕೂಡಿಸಿ. 1ಕ್ಕೆ 13, 2ಕ್ಕೆ 14, 5ಕ್ಕೆ 17. ತೂತಿನ ಪಕ್ಕ ನಂಬರ್ ಕೆತ್ತಿದೆ, ಓದಿ ಇಡಿ.

ಮೂರು ಟ್ಯೂಬ್ ಇದ್ದರೆ? ನಾಲ್ಕನೆಯದು ಹುಡುಕಬೇಕಿಲ್ಲ. ಮೂರೂ ಒಂದೇ ತೂಕವಿದ್ದರೆ 1, 9, 17ರಲ್ಲಿ ಇಡಿ. ಮೂರು ಕಲ್ಲಿನ ಒಲೆ ನೆನಪಿಸಿಕೊಳ್ಳಿ, ಹಾಗೇ ಸಮ ದೂರದಲ್ಲಿ. ಐದು ಇದ್ದರೆ ಆ ಮೂರರ ಜೊತೆ 2 ಮತ್ತು 14ರಲ್ಲಿ ಒಂದು ಜೋಡಿ. ಏಳು ಇದ್ದರೆ ಇನ್ನೊಂದು ಜೋಡಿ, 3 ಮತ್ತು 15. ಈ ರೋಟರಿನಲ್ಲಿ ಸಮ ಮಾಡಲಾಗದ ಸಂಖ್ಯೆ ಎರಡೇ: 1 ಮತ್ತು 23. 23 ಯಾಕೆ ಅಂತ ಚಹಾ ಕುಡಿಯುವಾಗ ಯೋಚಿಸಿ. ಖಾಲಿ ತೂತು ಎಷ್ಟು ಉಳಿಯಿತು ಅನ್ನುವುದೇ ಸುಳಿವು.

ದೊಡ್ಡ ಮೆಷಿನ್‌ನಲ್ಲಿ ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಎರಡೇ ಬಕೆಟ್ ಬಳಸಿದರೂ ನಾಲ್ಕೂ ಬಕೆಟ್ ಒಳಗಿರಬೇಕು, ಖಾಲಿಯವೂ ಸೇರಿ. ಎದುರು ಬಕೆಟ್‌ಗಳನ್ನು ಟ್ಯೂಬ್ ಸಮೇತ ತೂಗಿ. ಒಂದು ಬಕೆಟಿನೊಳಗೂ ಟ್ಯೂಬ್‌ಗಳು ಒಂದೇ ಬದಿಗೆ ಕೂರಬಾರದು, ಇಲ್ಲದಿದ್ದರೆ ಬಕೆಟ್ ನೆಟ್ಟಗೆ ತೂಗುವುದಿಲ್ಲ. ಇಟ್ಟ ಮೇಲೆ ಬೆರಳಿನಿಂದ ಪ್ರತಿ ಬಕೆಟ್ ತಳ್ಳಿ ನೋಡಿ. ತೊಟ್ಟಿಲಿನ ಹಾಗೆ ಸಲೀಸಾಗಿ ಆಡಬೇಕು. ಕೊಕ್ಕೆ ಸರಿ ಕೂತಿಲ್ಲದ ಬಕೆಟ್ ಆಡದೆ ಸಿಕ್ಕಿಕೊಳ್ಳುತ್ತೆ.

ಆರ್‌ಪಿಎಂ ಬೇರೆ, ಜಿ ಬೇರೆ

ಪ್ರೋಟೋಕಾಲ್‌ನಲ್ಲಿ "3,000" ಅಂತಷ್ಟೇ ಬರೆದಿದ್ದರೆ, ಬರೆದವರನ್ನು ಕೇಳಿ: 3,000 ಏನು? ನಮ್ಮ ಚಿಕ್ಕ ಮೆಷಿನ್‌ನ ರೋಟರ್ ತ್ರಿಜ್ಯ 8.4 ಸೆಂ.ಮೀ. ದೊಡ್ಡದರದ್ದು 16 ಸೆಂ.ಮೀ. ಸೂತ್ರ ಇದು. RCF ಅಂದರೆ ಜಿ, r ಅಂದರೆ ತ್ರಿಜ್ಯ, ಸೆಂಟಿಮೀಟರ್‌ನಲ್ಲಿ:

```
RCF = 1.118 × 10⁻⁵ × r × rpm²
```

ಎರಡರಲ್ಲೂ 3,000 ಆರ್‌ಪಿಎಂ ಇಟ್ಟರೆ ಚಿಕ್ಕದರಲ್ಲಿ ಸುಮಾರು 845 ಜಿ, ದೊಡ್ಡದರಲ್ಲಿ ಸುಮಾರು 1,610 ಜಿ. ಒಂದರಲ್ಲಿ ಜೀವಕೋಶ ಮೆತ್ತಗೆ ಕೂರುತ್ತೆ, ಇನ್ನೊಂದರಲ್ಲಿ ಅಪ್ಪಚ್ಚಿಯಾದರೂ ಆಶ್ಚರ್ಯವಿಲ್ಲ. ಎರಡೂ ಮೆಷಿನ್‌ನಲ್ಲಿ `RPM` ಮತ್ತು `RCF` ನಡುವೆ ಬದಲಿಸುವ ಬಟನ್ ಇದೆ. ಯಾವುದು ಉರಿಯುತ್ತಿದೆ ನೋಡಿಕೊಂಡು ಅಂಕಿ ಒತ್ತಿ.

ಓಡಿಸುವುದು

ಬಿರುಕು ಬಿಟ್ಟ ಅಥವಾ ಬಿಳಿಚಿದ ಟ್ಯೂಬ್ ಬಿಸಾಕಿ. ಟ್ಯೂಬ್ ತಡೆಯುವ ಜಿ ಎಷ್ಟು ಅಂತ ಅದರ ಪ್ಯಾಕೆಟ್ ಮೇಲೆ ಇರುತ್ತೆ. 50 ಎಂ.ಎಲ್ ಟ್ಯೂಬನ್ನು ಕಂಠಪೂರ್ತಿ ತುಂಬಬೇಡಿ, ಮುಕ್ಕಾಲು ಸಾಕು. ಚಿಕ್ಕ ಟ್ಯೂಬ್‌ಗಳ ಮುಚ್ಚಳದ ಕೀಲು ಹೊರಮುಖಕ್ಕೆ ಇರಲಿ. ಪೆಲೆಟ್ ಅದೇ ಬದಿಯ ಗೋಡೆಗೆ ಕೂರುತ್ತೆ, ಕಣ್ಣಿಗೆ ಕಾಣದಷ್ಟು ಚಿಕ್ಕದಿದ್ದರೂ ಎಲ್ಲಿದೆ ಅಂತ ಗೊತ್ತಿರುತ್ತೆ. ಡಿಎನ್‌ಎ ಪೆಲೆಟನ್ನು ಪಿಪೆಟ್‌ನಲ್ಲಿ ಎಳೆದು ಚೆಲ್ಲಿದವರಿಗೆ ಇದರ ಬೆಲೆ ಗೊತ್ತು.

ರೋಟರ್ ಮುಚ್ಚಳ ತಿರುಗಿಸಿ ಬಿಗಿ ಮಾಡಿ, ಆಮೇಲೆ ಮೆಷಿನ್ ಮುಚ್ಚಳ. ಎರಡೂ ಬೇಕು. ಮೆಷಿನ್ ಸುತ್ತ 30 ಸೆಂ.ಮೀ ಜಾಗ ಖಾಲಿ ಇರಲಿ. ಮೇಲೆ ನೋಟ್‌ಬುಕ್ ಇಡುವ ಅಭ್ಯಾಸ ಬಿಡಿ.

`START` ಒತ್ತಿ ಕ್ಯಾಂಟೀನಿಗೆ ಓಡಬೇಡಿ. ಇಟ್ಟ ವೇಗ ಮುಟ್ಟುವವರೆಗೆ ಅಲ್ಲೇ ನಿಂತು ಕೇಳಿ. ವೇಗ ಏರುವಾಗ ಒಂದು ಕ್ಷಣ ಸಣ್ಣಗೆ ನಡುಗಿ ಆಮೇಲೆ ಒಂದೇ ಸಮ ಗುಯ್‌ಗುಟ್ಟಿದರೆ ಸರಿ. ನಡುಕ ಜಾಸ್ತಿಯಾಗುತ್ತಾ ಹೋದರೆ ಕೂಡಲೇ `STOP`. ಮೆಷಿನನ್ನು ಕೈಯಿಂದ ಒತ್ತಿ ಹಿಡಿಯಬೇಡಿ. ತಪ್ಪು ಹುಡುಕದೆ ಮತ್ತೆ `START` ಒತ್ತಲೂಬೇಡಿ.

ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯಬಾರದು. ಇನ್ನೂ ತಿರುಗುತ್ತಿರುವ ರೋಟರನ್ನು ಬೆರಳಿಟ್ಟು ನಿಲ್ಲಿಸುವುದು ಶೌರ್ಯವಲ್ಲ. ಬೆರಳೂ ಹೋಗಬಹುದು, ಪೆಲೆಟೂ ಕದಡುತ್ತೆ. ರಕ್ತವನ್ನು ಪದರ ಪದರವಾಗಿ ಬೇರ್ಪಡಿಸುವಾಗ ಬ್ರೇಕ್ ಆಫ್ ಮಾಡಿ. ನಿಲ್ಲಲು ಹೊತ್ತು ಹಿಡಿಯುತ್ತೆ, ಕಾಯಿರಿ.

ಟ್ಯೂಬ್ ಒಡೆದರೆ

ಒಳಗೆ ಟಪ್ ಅಂತ ಸದ್ದಾದರೆ ನಿಲ್ಲಿಸಿ, ಮುಚ್ಚಳ ಮುಚ್ಚಿಯೇ ಬಿಡಿ. ಒಳಗೆ ಕಣ್ಣಿಗೆ ಕಾಣದ ಹನಿಗಳ ಮಂಜು ಇರುತ್ತೆ. ರಕ್ತ ಅಥವಾ ಬ್ಯಾಕ್ಟೀರಿಯಾ ಇದ್ದಾಗ ಅದನ್ನು ಉಸಿರಲ್ಲಿ ಎಳೆದುಕೊಳ್ಳುವುದು ಬೇಡ. ಪಕ್ಕದವರಿಗೆ ಹೇಳಿ, 30 ನಿಮಿಷ ಬಿಟ್ಟು, ಗ್ಲೌಸ್, ಮಾಸ್ಕ್, ಕನ್ನಡಕ ಹಾಕಿಕೊಂಡು ತೆರೆಯಿರಿ. ಚೂರುಗಳನ್ನು ಚಿಮಟದಿಂದ ಎತ್ತಿ, ಕೈಯಿಂದ ಬೇಡ. ನಮ್ಮ ರೋಟರ್ ಅಲ್ಯೂಮಿನಿಯಂನದು, ಬ್ಲೀಚ್ ಅದನ್ನು ತಿನ್ನುತ್ತೆ. ಏನು ಚೆಲ್ಲಿದೆ ಅಂತ ಹೇಳಿ ಸೀನಿಯರ್‌ನ ಕೇಳಿಯೇ ಒರೆಸುವ ದ್ರಾವಣ ಆರಿಸಿ. ಬಚ್ಚಿಟ್ಟರೆ ಮಾತ್ರ ಕೋಪ ಬರುತ್ತೆ, ಒಡೆದದ್ದಕ್ಕೆ ಅಲ್ಲ.

ಕೆಲಸ ಮುಗಿದ ಮೇಲೆ

ಮಾಮೂಲಿ ದಿನ 70% ಎಥನಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಅದು ಆರುವವರೆಗೆ ಓಡಿಸಬೇಡಿ, ಬೆಂಕಿ ಹತ್ತುವ ದ್ರವ ಅದು. 4 ಡಿಗ್ರಿಯಲ್ಲಿ ಓಡಿಸಿದ್ದರೆ ಒಳಗೆ ನೀರು ಕೂತಿರುತ್ತೆ. ಒಣಗಿಸಿ, ಮುಚ್ಚಳ ತೆರೆದೇ ಇಡಿ. ನಂತರ ಗೋಡೆಯ ಪಕ್ಕದ ಲಾಗ್‌ಬುಕ್‌ನಲ್ಲಿ ಬರೆಯಿರಿ. ನಿನ್ನೆಯದು ಹೀಗಿತ್ತು: "ಚಿಕ್ಕದು, 6 ಟ್ಯೂಬ್, 12,000 ಜಿ, 10 ನಿಮಿಷ, 4 ಡಿಗ್ರಿ. ಶುರುವಿನಲ್ಲಿ ಸ್ವಲ್ಪ ಜಾಸ್ತಿ ನಡುಗಿತು, 3 ಮತ್ತು 15 ಮತ್ತೆ ತೂಗಿದೆ, ಸರಿಹೋಯಿತು." ಇಷ್ಟು ಬರೆದರೆ ಸಾಕು.