ಗೌರಿಯ ಬೆನ್ನು

ಬೆಳಗಿನ ಜಾವ ನಾಲ್ಕಕ್ಕೆ ಲೈನಿನಲ್ಲಿ ಟಾರ್ಚುಗಳು ಓಡಾಡುತ್ತಿದ್ದವು. ಹದಿನಾಲ್ಕು ಹೇಸರಗತ್ತೆಗಳು. ಮೂಗಿನಿಂದ ಹಬೆ ಬಿಡುತ್ತಾ ನಿಂತಿದ್ದವು. ಹಿಮ ಬೀಳುವ ಮೊದಲು ಮೇಲಿನ ಪೋಸ್ಟಿಗೆ ಹೋಗುವ ಕೊನೆಯ ಸರದಿಗಳಲ್ಲಿ ಇದೂ ಒಂದು. ಹವಾಲ್ದಾರ್ ಸಾಬ್ ಗಡಿಯಾರ ನೋಡುತ್ತಾ "ಜಲ್ದಿ, ಜಲ್ದಿ" ಅನ್ನುತ್ತಿದ್ದರು.

ಯಲ್ಲಪ್ಪ ಗೌರಿಯ ಬೆನ್ನಿಗೆ ಕಂಬಳಿ ಹಾಸಿದ. ಮೇಲೆ ಜೀನು ಇಟ್ಟು ಹೊಟ್ಟೆಪಟ್ಟಿ ಎಳೆದ. ಎಂದಿನಂತೆ ಅವಳು ಹೊಟ್ಟೆ ಉಬ್ಬಿಸಿ ನಿಂತಳು. ಪಟ್ಟಿ ಸಡಿಲವಾಗಲಿ ಅಂತ ಹೇಸರಗತ್ತೆಗಳು ಹೀಗೆ ಮಾಡುತ್ತವೆ. ಅವಳು ಉಸಿರು ಬಿಡುವ ತನಕ ಕಾದು ಇನ್ನೊಂದು ತೂತು ಬಿಗಿದ. ಆಮೇಲೆ ಸೀಮೆಎಣ್ಣೆಯ ನಾಲ್ಕು ಜೆರಿಕ್ಯಾನ್. ಎಡಕ್ಕೆ ಎರಡು, ಬಲಕ್ಕೆ ಎರಡು. ಒಂದೊಂದೂ ಇಪ್ಪತ್ತು ಲೀಟರಿನದು. ಎರಡೂ ಕಡೆ ತೂಕ ಸಮ ಇರಬೇಕು. ಇಲ್ಲದಿದ್ದರೆ ಜೀನು ವಾಲಿ ಬೆನ್ನು ಕೆಡುತ್ತದೆ.

ಪಲ್ಟನ್ನಿನ ಪುಸ್ತಕದಲ್ಲಿ ಅವಳಿಗೆ ಹೆಸರಿಲ್ಲ, ನಂಬರ್ ಇದೆ. ಗೊರಸಿನ ಮೇಲೆ ಸುಟ್ಟು ಬರೆದ ನಂಬರ್. ಗೌರಿ ಅಂತ ಕರೆದವನು ಯಲ್ಲಪ್ಪ. ನಾಲ್ಕು ವರ್ಷದ ಹಿಂದೆ ಅವಳು ಅವನ ಕೈಗೆ ಬಂದದ್ದು ಗೌರಿ ಹಬ್ಬದ ದಿನ.

ಕಾಶ್ಮೀರದ ಕುಪ್ವಾರಾ ಕಡೆಯ ಆ ದಾರಿ ದೇವದಾರು ಮರಗಳ ನಡುವೆ ಶುರುವಾಗುತ್ತದೆ. ಮೊದಲ ಒಂದು ಗಂಟೆ ಸುಲಭ. ಆಮೇಲೆ ಬಂಡೆಯನ್ನು ಕೊರೆದು ಮಾಡಿದ ಕಿರುದಾರಿ. ಒಂದು ಕಡೆ ಗೋಡೆಯಂಥ ಕಲ್ಲು, ಇನ್ನೊಂದು ಕಡೆ ಕೆಳಗೆ ಎಲ್ಲೋ ಸದ್ದು ಮಾಡುವ ಹಳ್ಳ. ಅಲ್ಲಿ ಗೌರಿ ಯಾವಾಗಲೂ ಕಣಿವೆಯ ಅಂಚಿನಲ್ಲೇ ನಡೆಯುತ್ತಾಳೆ. ಹೊಸಬರು ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ಒಳಗಡೆ ನಡೆದರೆ ಹೊರೆ ಬಂಡೆಗೆ ಬಡಿದು ಅವಳನ್ನೇ ಕಣಿವೆಗೆ ತಳ್ಳುತ್ತದೆ. ಅದು ಅವಳಿಗೆ ಗೊತ್ತು. ಟ್ರೇನಿಂಗಿನಲ್ಲಿ ಉಸ್ತಾದರು ಪೆಡೋಂಗಿಯ ಕಥೆ ಹೇಳುತ್ತಿದ್ದರು. 1971ರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕ ಹೇಸರಗತ್ತೆ ಅದು. ಅವರ ಮೆಷಿನ್ ಗನ್ ಬೆನ್ನ ಮೇಲೆ ಇರುವಾಗಲೇ ತಪ್ಪಿಸಿಕೊಂಡು ತಾನಾಗಿಯೇ ನಮ್ಮ ಕಡೆಗೆ ನಡೆದು ಬಂತು. ಆಗ ಯಲ್ಲಪ್ಪನಿಗೆ ಅದು ಬರೀ ಕಥೆ ಅನ್ನಿಸಿತ್ತು. ಗೌರಿಯ ಜೊತೆ ಒಂದು ಚಳಿಗಾಲ ಕಳೆದ ಮೇಲೆ ಹಾಗೆ ಅನ್ನಿಸಲಿಲ್ಲ.

ಅರ್ಧ ದಾರಿಯಲ್ಲಿ ಅವಳ ನಡಿಗೆ ಬದಲಾಯಿತು.

ಕುಂಟು ಅಲ್ಲ. ಹೆಜ್ಜೆ ಗಿಡ್ಡವಾಗಿತ್ತು, ಅಷ್ಟೆ. ಕಿವಿ ಹಿಂದಕ್ಕೆ ಹೋಗಿತ್ತು. ಯಲ್ಲಪ್ಪ ಗೊರಸು ಎತ್ತಿ ನೋಡಿದ, ಕಲ್ಲು ಸಿಕ್ಕಿರಲಿಲ್ಲ. ಎದೆಪಟ್ಟಿ ನೋಡಿದ, ಸರಿಯಾಗಿತ್ತು. ಜೀನಿನ ಕೆಳಗೆ ಕೈ ತೂರಿಸಿದಾಗ ಅವಳ ಚರ್ಮ ನಡುಗಿತು.

ಕಂಬಳಿಯಲ್ಲಿ ಒಂದು ಮಡಿಕೆ ಇತ್ತು. ಬೆರಳಿನಷ್ಟು ದಪ್ಪದ ಮಡಿಕೆ. ಅದರ ಕೆಳಗೆ ಕೂದಲು ಉದುರಿ ಚರ್ಮ ಬಾತಿತ್ತು. ಮುಟ್ಟಿದರೆ ಸುಡುವಷ್ಟು ಬಿಸಿ.

ದಿನಾ ಬೆಳಗ್ಗೆ ಕಂಬಳಿಯ ಕೆಳಗೆ ಅಂಗೈ ಆಡಿಸಿ ನೋಡುತ್ತಿದ್ದ. ಒಂದು ಕಡ್ಡಿ ಇದ್ದರೂ ತೆಗೆಯುತ್ತಿದ್ದ. ಇವತ್ತು ಆಡಿಸಿದ್ದನೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಂದರೆ ಆಡಿಸಿಲ್ಲ.

"ಏನಾಯ್ತು?" ಹವಾಲ್ದಾರ್ ಸಾಬ್ ಹಿಂದಿನಿಂದ ಬಂದರು. ಗಢವಾಲದವರು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಬೆನ್ನು ನೋಡಿದರು. ಯಲ್ಲಪ್ಪನ ಮುಖವನ್ನೂ ನೋಡಿದರು.

"ನನ್ನ ತಪ್ಪು ಸಾಬ್."

"ಅದು ಆಮೇಲೆ. ಈಗ ಏನು ಮಾಡ್ತೀಯ?"

ಗೋಕಾಕದ ಹತ್ತಿರದ ಊರಿನಲ್ಲಿ ಅಪ್ಪ ಕಬ್ಬಿನ ಗಾಡಿ ಹೂಡುತ್ತಿದ್ದ. ಒಂದು ವರ್ಷ ಕಬ್ಬಿನ ಕಾಲದ ನಡುವೆ ಎಡದ ಎತ್ತಿನ ಹೆಗಲು ಬಾತಿತು. ದುಡಿಮೆಯ ದಿನಗಳು, ಕಾರ್ಖಾನೆಯ ಮುಂದೆ ಗಾಡಿಗಳ ಸಾಲು. ಅಪ್ಪ ನೊಗ ಬಿಚ್ಚಿ ಗೋಡೆಗೆ ಆನಿಸಿಟ್ಟವನು ಎಂಟು ದಿನ ಮುಟ್ಟಲಿಲ್ಲ. ಅವ್ವ ಬೈದಳು, ಸಾಲಗಾರ ಬಾಗಿಲಿಗೆ ಬಂದ. ಅಪ್ಪ ಒಂದೂ ಮಾತಾಡದೆ ಎತ್ತಿನ ಹೆಗಲಿಗೆ ಬಿಸಿನೀರಿನ ಬಟ್ಟೆ ಒತ್ತುತ್ತಾ ಕೂತಿದ್ದ.

ಆದರೆ ಇಲ್ಲಿ ಜೀನು ಬಿಚ್ಚಿ ಕೂರುವ ಹಾಗಿಲ್ಲ. ಮೇಲೆ ಹುಡುಗರಿದ್ದಾರೆ. ಸೀಮೆಎಣ್ಣೆ ಇಲ್ಲದಿದ್ದರೆ ಬಂಕರ್ ಬೆಚ್ಚಗಿಡುವ ಬುಖಾರಿ ಉರಿಯುವುದಿಲ್ಲ. ಒಮ್ಮೆ ದಾರಿ ಮುಚ್ಚಿದರೆ ವಸಂತದ ತನಕ ಇರುವುದರಲ್ಲೇ ಕಾಲ ಹಾಕಬೇಕು. ಬೇರೆ ಪ್ರಾಣಿಗಳ ಮೇಲೂ ತುಂಬಿದ ಹೊರೆ.

"ಎರಡು ಇಳಿಸ್ತೀನಿ," ಅಂದ. "ಒಂದು ಕಡೆಯಿಂದ ಒಂದು. ಒಂದನ್ನು ನಾನು ಹೊರ್ತೀನಿ."

"ಇನ್ನೊಂದು?"

ಸುತ್ತ ನೋಡಿದ. ಬಂಡೆಯ ಸಂದು ಇತ್ತು. "ಅಲ್ಲಿಡ್ತೀನಿ. ನಾಳೆ ಬಂದು ಒಯ್ತೀನಿ."

ಹವಾಲ್ದಾರ್ ಸಾಬ್ ಆಕಾಶ ನೋಡಿದರು. ಪಡುವಣದಲ್ಲಿ ಮೋಡ ಬೂದಿಬಣ್ಣಕ್ಕೆ ತಿರುಗಿತ್ತು. ಏನೂ ಹೇಳದೆ ಜೀನು ಎತ್ತಿ ಹಿಡಿದರು. ಯಲ್ಲಪ್ಪ ಕಂಬಳಿ ಬಿಡಿಸಿ, ಬಾತ ಜಾಗಕ್ಕೆ ಏನೂ ತಾಗದಂತೆ ಎರಡೂ ಬದಿ ದಪ್ಪ ಮಡಿಸಿ ಹಾಕಿದ. ಜೆರಿಕ್ಯಾನನ್ನು ಹಗ್ಗದಿಂದ ತನ್ನ ಬೆನ್ನಿಗೆ ಕಟ್ಟಿಕೊಂಡ.

ಇಪ್ಪತ್ತು ಕೇಜಿ ಅಷ್ಟೇ ಅಲ್ವಾ ಅನ್ನಿಸಿತ್ತು. ನೂರು ಹೆಜ್ಜೆಗೆ ಎದೆ ಉರಿಯತೊಡಗಿತು. ಹನ್ನೊಂದು ಸಾವಿರ ಅಡಿಯ ಗಾಳಿಯಲ್ಲಿ ಉಸಿರಿಗೆ ಸತ್ವವೇ ಇರುವುದಿಲ್ಲ. ಹಗ್ಗ ಭುಜವನ್ನು ಕೊರೆಯಿತು. ಒಳಗಿನ ಎಣ್ಣೆ ಒಂದೊಂದು ಹೆಜ್ಜೆಗೂ ಕುಲುಕಿ ಅವನನ್ನು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಇದರ ನಾಲ್ಕರಷ್ಟನ್ನು ಅವಳು ವಾರಕ್ಕೆ ಎಷ್ಟು ಸಲ ಹೊತ್ತಿದ್ದಾಳೆ! ಯಲ್ಲಪ್ಪನಿಗೆ ಅಳು ಬಂತು. ಮುಂದೆ ನಡೆಯುತ್ತಿದ್ದ ಗೌರಿ ತಿರುವುಗಳಲ್ಲಿ ನಿಂತು, ಅವನು ಹತ್ತಿರ ಬಂದ ಮೇಲೆ ಮತ್ತೆ ಹೊರಡುತ್ತಿದ್ದಳು.

ಪೋಸ್ಟು ಮುಟ್ಟಿದಾಗ ಮಧ್ಯಾಹ್ನ ಎರಡೂವರೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಹುಡುಗರು ಬಂಕರಿನಿಂದ ಓಡಿ ಬಂದರು. ಖಾನಾಪುರ ಕಡೆಯ ಮಾರುತಿ ಎಲ್ಲರಿಗಿಂತ ಮುಂದೆ. ಯಲ್ಲಪ್ಪ ಬಂದಾಗ ಮಾತ್ರ ಅವನಿಗೆ ಬಾಯ್ತುಂಬ ಕನ್ನಡ.

"ಯಣ್ಣಾ, ನೀ ಯಾಕ ಹೊತ್ಕೊಂಡ್ ಬಂದೀ?"

"ಆಕೀ ಬೆನ್ನ ಬಾತೈತೋ ತಮ್ಮಾ. ನನ್ನಿಂದನ ಆತು. ಒಂದ ಕ್ಯಾನ್ ದಾರ್ಯಾಗ ಬಿಟ್ಟ ಬಂದೀನಿ."

"ಎಲ್ಲೆ?"

"ಬಂಡಿ ಸಂದ್ಯಾಗ. ಎರಡನೇ ತಿರುವಿನ ಕೆಳಗ."

ಮಾರುತಿ ಮತ್ತೇನೂ ಕೇಳಲಿಲ್ಲ. ತನ್ನ ಸಾಹೇಬರ ಹತ್ತಿರ ಹೋಗಿ ಬಂದ. ಇನ್ನಿಬ್ಬರನ್ನು ಕರೆದುಕೊಂಡು, ರೈಫಲ್ ಹೆಗಲಿಗೇರಿಸಿ ಇಳಿದೇಬಿಟ್ಟ.

ಯಲ್ಲಪ್ಪ ಹೊರೆ ಇಳಿಸಿದ, ಜೀನನ್ನು ತಕ್ಷಣ ತೆಗೆಯಲಿಲ್ಲ. ಬೆವರಿದ ಬೆನ್ನಿಗೆ ತಣ್ಣನೆ ಗಾಳಿ ಒಮ್ಮೆಗೇ ಬಡಿಯಬಾರದು. ಪಟ್ಟಿ ಸಡಿಲಿಸಿ ಸ್ವಲ್ಪ ಹೊತ್ತು ಬಿಟ್ಟ. ಮೊದಲು ನೀರು, ಆಮೇಲೆ ಮೇವು. ಅಡುಗೆಯವನು ಕೊಟ್ಟ ಉಪ್ಪು ಹಾಕಿದ ಬಿಸಿನೀರಿನಲ್ಲಿ ತನ್ನ ಮಫ್ಲರ್ ಅದ್ದಿ ಬಾತ ಜಾಗಕ್ಕೆ ಒತ್ತತೊಡಗಿದ. ಮೊದಲ ಸಲ ಗೌರಿ ಕಾಲು ಝಾಡಿಸಿದಳು. ನಾಲ್ಕನೇ ಸಲಕ್ಕೆ ಅವಳ ಕೆಳತುಟಿ ಸಡಿಲವಾಗಿ ಜೋತುಬಿತ್ತು.

ಹಿಮ ಶುರುವಾದಾಗಲೂ ಅವನು ಅಲ್ಲೇ ಇದ್ದ. ಕತ್ತಲಾದ ಮೇಲೆ ಕೆಳಗಿನಿಂದ ಟಾರ್ಚು ಕಂಡಿತು. ಮಾರುತಿಯ ಬೆನ್ನ ಮೇಲೆ ಜೆರಿಕ್ಯಾನ್, ಟೋಪಿಯ ಮೇಲೆ ಬಿಳಿ ಹಿಮ. ಹೊರೆ ಇಳಿಸುವ ಮೊದಲೇ ಕೇಳಿದ.

"ಗೌರಿ ಹೆಂಗದಾಳ?"

"ಹುಲ್ಲ ತಿಂದ್ಲು."

"ಹಂಗಾರ ಚಲೋ ಆತು ಬಿಡ."

ಬೆಳಗ್ಗೆ ಬಿಸಿಲು ಬಂದಿತ್ತು. ದಾರಿಯಲ್ಲಿ ಪಾದ ಮುಚ್ಚುವಷ್ಟೇ ಹಿಮ. ಇಳಿಯುವಾಗ ಎಲ್ಲಾ ಪ್ರಾಣಿಗಳೂ ಖಾಲಿ.

"ಅವಳ ಜೀನನ್ನು ಬೇರೆ ಖಚ್ಚರ್ ಮೇಲೆ ಹಾಕು," ಹವಾಲ್ದಾರ್ ಸಾಬ್ ಅಂದರು.

ಯಲ್ಲಪ್ಪ ತಲೆಯಾಡಿಸಿದ. "ಬೇಡ ಸಾಬ್."

ಜೀನನ್ನು ಎತ್ತಿ ತನ್ನ ಬೆನ್ನಿಗೇ ಹಾಕಿಕೊಂಡ. ನಿನ್ನೆ ಹಗ್ಗ ಕೊರೆದ ಜಾಗಕ್ಕೆ ಅದು ಸರಿಯಾಗಿ ಬಂದು ಕೂತಿತು. ಗೌರಿ ಹಿಂದಿನಿಂದ ಬಂದು ಜೀನನ್ನು ಒಮ್ಮೆ ಮೂಸಿದಳು. ಬಂಡೆಯ ದಾರಿ ಬಂದಾಗ ಅವಳ ಬೆನ್ನ ಮೇಲೆ ಏನೂ ಇರಲಿಲ್ಲ. ಆದರೂ ಅಭ್ಯಾಸದಂತೆ ಅಂಚಿಗೆ ಸರಿದಳು. ಜೀನು ಬಂಡೆಗೆ ತಾಗತೊಡಗಿದಾಗ ಯಲ್ಲಪ್ಪನೂ ಒಂದು ಹೆಜ್ಜೆ ಹೊರಗೆ ಸರಿದು, ಅವಳ ಮುಂದೆ ನಡೆದ.