ಜೂನ್ 21ರ ಶನಿವಾರ ರಾತ್ರಿಯಿಂದ ಭಾನುವಾರ ಬೆಳಗ್ಗೆವರೆಗೆ ಹಾಲು ಸಂಗ್ರಹಣೆ ಸಾಫ್ಟ್‌ವೇರ್ ಇರುವುದಿಲ್ಲ

ಕೋಲಾರ ಮುಖ್ಯ ಕಚೇರಿ ಮತ್ತು ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಮಾಲೂರು ಶೀತಲ ಕೇಂದ್ರಗಳ ಎಲ್ಲ ಸಿಬ್ಬಂದಿಗೆ,

ನಮಸ್ಕಾರ.

21-06-2025 ಶನಿವಾರ ರಾತ್ರಿ 10:30ರಿಂದ 22-06-2025 ಭಾನುವಾರ ಬೆಳಗ್ಗೆ 8:30ರವರೆಗೆ ಸಾಫ್ಟ್‌ವೇರ್ ಪೂರ್ತಿ ಬಂದ್ ಇರುತ್ತದೆ. ಹಳೆ ಸರ್ವರ್‌ನ ಡಿಸ್ಕ್ ತುಂಬುತ್ತಾ ಬಂದಿದೆ. ಸಂಜೆ ಎಂಟ್ರಿ ನಿಧಾನವಾಗುತ್ತಿರುವುದಕ್ಕೆ ಅದೇ ಕಾರಣ. ಎಲ್ಲ ಲೆಕ್ಕವನ್ನೂ ಹೊಸ ಸರ್ವರ್‌ಗೆ ಸಾಗಿಸುತ್ತಿದ್ದೇವೆ. ಪ್ರಯೋಗ ಮಾಡಿದಾಗ ಕಾಪಿಗೇ ಆರೂವರೆ ಗಂಟೆ ಹಿಡಿಯಿತು. ಆಮೇಲೆ ತಾಳೆ ನೋಡಬೇಕು. ಹಾಗಾಗಿ ಭಾನುವಾರ ಬೆಳಗಿನ ಸರದಿಯನ್ನು ತಪ್ಪಿಸಲು ಆಗಲಿಲ್ಲ. ಮೊದಲು 14ನೇ ತಾರೀಖು ಅಂದುಕೊಂಡಿದ್ದೆವು. ಮಾರನೇ ದಿನವೇ ಬಟವಾಡೆ ಲೆಕ್ಕ ಮುಗಿಸಬೇಕಿದ್ದರಿಂದ ಒಂದು ವಾರ ಮುಂದೆ ಹಾಕಿದೆವು.

ಈ ಹತ್ತು ಗಂಟೆ ಹಾಲಿನ ಎಂಟ್ರಿ, ರೈತರ ಚೀಟಿ ಪ್ರಿಂಟ್, ಟ್ಯಾಂಕರ್ ಗೇಟ್ ಪಾಸ್, ಮೊಬೈಲ್ ಆ್ಯಪ್ ಯಾವುದೂ ನಡೆಯುವುದಿಲ್ಲ. ತೂಕದ ಯಂತ್ರ ಮತ್ತು ಫ್ಯಾಟ್ ನೋಡುವ ಯಂತ್ರ ಎಂದಿನಂತೆ ಕೆಲಸ ಮಾಡುತ್ತವೆ. ಅವುಗಳ ಅಂಕಿ ಕಂಪ್ಯೂಟರ್‌ಗೆ ಬರುವುದಿಲ್ಲ ಅಷ್ಟೆ. ಇಮೇಲ್, ಫೋನ್‌ಗೂ ತೊಂದರೆ ಇಲ್ಲ.

ಹಾಲು ತೆಗೆದುಕೊಳ್ಳುವುದು ಮಾತ್ರ ಒಂದು ನಿಮಿಷವೂ ನಿಲ್ಲಬಾರದು. ಶನಿವಾರ ಸಂಜೆ 6ರೊಳಗೆ ‘ವರದಿ’ ಮೆನುವಿನಿಂದ ರೈತರ ಕೋಡ್ ಪಟ್ಟಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಸಂಜೆ ಎಂಟ್ರಿ ಎಲ್ಲವನ್ನೂ ಸೇವ್ ಮಾಡಿ, ರಾತ್ರಿ 10:15ಕ್ಕೆ ಲಾಗೌಟ್ ಆಗಿ. ಸೇವ್ ಆಗದೆ ಉಳಿದದ್ದು ಮತ್ತೆ ಸಿಗುವುದಿಲ್ಲ.

ಭಾನುವಾರ ಬೆಳಗ್ಗೆ ರಿಜಿಸ್ಟರ್‌ನಲ್ಲಿ ಕೋಡ್, ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದುಕೊಳ್ಳಿ. ಅದೇ ಅಂಕಿಗಳನ್ನು ಕೈಚೀಟಿಯಲ್ಲಿ ಬರೆದು, ಸಹಿ ಹಾಕಿ ರೈತರಿಗೆ ಕೊಡಿ. ದರ, ಮೊತ್ತ ಬರೆಯಬೇಡಿ. ಅದನ್ನು ಆಮೇಲೆ ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ, ರೈತರಿಗೆ ಎಸ್‌ಎಂಎಸ್ ಕೂಡ ಹೋಗುತ್ತದೆ. ಚೀಟಿ ಇಲ್ಲದೆ ಯಾರನ್ನೂ ಕಳಿಸಬೇಡಿ. ಮುಂದೆ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಅವರ ಕೈಯಲ್ಲಿ ಇರುವುದು ಅದೊಂದೇ ಅಲ್ವಾ? ಟ್ಯಾಂಕರ್‌ಗೆ ಹಳೆಯ ಗೇಟ್ ಪಾಸ್ ಪುಸ್ತಕ ಬಳಸಿ. ಶುಕ್ರವಾರ ಪ್ರತಿ ಕೇಂದ್ರಕ್ಕೂ ಒಂದೊಂದು ಕಳಿಸುತ್ತೇವೆ.

ಸಾಫ್ಟ್‌ವೇರ್ ಬಂದ ಮೇಲೆ ಮಧ್ಯಾಹ್ನ 1ರೊಳಗೆ ಎಂಟ್ರಿ ಮುಗಿಸಿ. ಒಬ್ಬರು ಓದಿ, ಇನ್ನೊಬ್ಬರು ಟೈಪ್ ಮಾಡಿದರೆ ತಪ್ಪು ಕಡಿಮೆ. ಪರದೆಯಲ್ಲಿ ತಾರೀಖು 22-06-2025, ಸರದಿ ‘ಬೆಳಗ್ಗೆ’ ಅಂತ ಇದೆಯಾ ನೋಡಿಯೇ ಶುರು ಮಾಡಿ. ಇದನ್ನು ಮರೆತರೆ ಬೆಳಗಿನ ಹಾಲು ಸಂಜೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಕೊನೆಗೆ ಒಟ್ಟು ಲೀಟರ್ ರಿಜಿಸ್ಟರ್ ಜೊತೆ ತಾಳೆಯಾಗಬೇಕು.

ಬೆಳಗ್ಗೆ 7ರ ಹೊತ್ತಿಗೆ ಲೆಕ್ಕ ಸರಿ ಬಾರದಿದ್ದರೆ ಹೊಸ ಸರ್ವರ್ ಬಿಟ್ಟು ಹಳೆಯದನ್ನೇ ಮತ್ತೆ ಚಾಲೂ ಮಾಡುತ್ತೇವೆ. ಎರಡರಲ್ಲಿ ಯಾವುದೇ ಆದರೂ 8:30ಕ್ಕೆ ನಿಮಗೆ ಎಸ್‌ಎಂಎಸ್ ಬರುತ್ತದೆ. ಅಲ್ಲಿಯವರೆಗೆ ಲಾಗಿನ್ ಪ್ರಯತ್ನ ಬೇಡ.

ರಾತ್ರಿಯಿಡೀ ನಾವು ಮೂವರು ಕಚೇರಿಯಲ್ಲೇ ಇರುತ್ತೇವೆ. ಏನೇ ಅನುಮಾನ ಬಂದರೂ, ಎಷ್ಟೊತ್ತಾದರೂ ಸರಿ, ಒಳಗಿನ ಫೋನ್ 214ಕ್ಕೆ ಮಾಡಿ.

ಐಟಿ ವಿಭಾಗ
ಮುಖ್ಯ ಕಚೇರಿ, ಕೋಲಾರ
16-06-2025