ಇಸ್ತ್ರಿ ಮಾಡಿದ ಹಾಳೆಗಳು

ನಿಮಗೆ,

ಇಂದಿಗೆ ನಮ್ಮ ಮದುವೆಯಾಗಿ 14 ವರ್ಷ ತುಂಬಿತು. ಏಳೇಳು ಜನ್ಮದ ಬಂಧವೆಂದು ಮೊದಲು ಬರೆದು ನೋಡಿದೆ. ಆದರೆ ಆ ಸಾಲಿನಲ್ಲಿ ನೀವು ಎಲ್ಲಿಯೂ ಕಾಣಲಿಲ್ಲ, ಅದು ಯಾರು ಯಾರಿಗೆ ಬೇಕಾದರೂ ಬರೆಯಬಹುದಾದ ಸಾಲಾಗಿತ್ತು. ನಿಮ್ಮನ್ನು ನೆನೆದಾಗಲೆಲ್ಲ ನನ್ನ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ರಾತ್ರಿ. ಅದನ್ನೇ ಬರೆಯುತ್ತಿದ್ದೇನೆ.

ಮದುವೆಯಾದ ಮೂರನೆಯ ವರ್ಷ, ನನ್ನ ಲೆಕ್ಕಶಾಸ್ತ್ರದ ಪರೀಕ್ಷೆಗೆ ನಾಲ್ಕು ದಿನ ಬಾಕಿಯಿದ್ದಾಗ, ನಾವಿಬ್ಬರೂ ಸಂಜೆಯ ಮಳೆಯಲ್ಲಿ ನೆನೆದು ಮನೆಗೆ ಬಂದು ದೀಪ ಹಾಕಿದರೆ ಕಿಟಕಿ ತೆರೆದೇ ಇತ್ತು. ಅದರ ಕೆಳಗಿನ ಮೇಜಿನ ಮೇಲೆ ಬಿಡಿಯಾಗಿ ಇಟ್ಟಿದ್ದ ನನ್ನ ಟಿಪ್ಪಣಿಯ 86 ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ನೀರು ಕುಡಿದು ಉಬ್ಬಿದ್ದವು. ನೀವು ಮೊದಲು ಕಿಟಕಿ ಮುಚ್ಚಿದಿರಿ. ಆಮೇಲೆ, "ನಾನೇ ಮುಚ್ಚುವುದನ್ನು ಮರೆತಿರಬೇಕು" ಎಂದಿರಿ. ನಾನು ಏನನ್ನೂ ಹೇಳದೆ ಒಳಗೆ ಹೋಗಿ ಮಲಗಿಬಿಟ್ಟೆ. ಅಳು ಬಂದಿತ್ತು, ಓದಿದ್ದೆಲ್ಲ ಮುಗಿಯಿತೆಂದುಕೊಂಡಿದ್ದೆ.

ಎಚ್ಚರವಾದಾಗ ಎರಡು ಗಂಟೆ ದಾಟಿತ್ತು. ನೀವು ನೆಲದ ಮೇಲೆ ಕಂಬಳಿ ಹಾಸಿಕೊಂಡು, ಒಂದೊಂದೇ ಹಾಳೆಯನ್ನು ಮೂಲೆಯಿಂದ ಮೆಲ್ಲಗೆ ಬಿಡಿಸಿ, ಮೇಲೊಂದು ತೆಳುವಾದ ಬಟ್ಟೆ ಹೊದಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿಟ್ಟು ಒಣಗಿಸುತ್ತಿದ್ದಿರಿ. ಬಟ್ಟೆ ಒಣಹಾಕುವ ಹಗ್ಗವನ್ನು ಕೋಣೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಕಟ್ಟಿದ್ದಿರಿ. ಇಸ್ತ್ರಿಯಾದ ಹಾಳೆಗಳು ಅದರ ಮೇಲೆ ಕ್ಲಿಪ್ಪಿನಲ್ಲಿ ತೂಗುತ್ತಿದ್ದವು. ಬಾಲ್ ಪೆನ್ನಿನಲ್ಲಿ ಬರೆದ ಸಾಲುಗಳೆಲ್ಲ ಉಳಿದಿದ್ದವು. ಆದರೆ ಶೀರ್ಷಿಕೆಗಳನ್ನೂ ಪುಟಸಂಖ್ಯೆಗಳನ್ನೂ ನಾನು ಶಾಯಿ ಪೆನ್ನಿನಲ್ಲಿ ಅಂದವಾಗಿ ಬರೆದಿದ್ದೆ, ಅವು ಅಷ್ಟೂ ನೀಲಿ ಕಲೆಗಳಾಗಿ ಕರಗಿಹೋಗಿದ್ದವು. ಅಂಟಿಕೊಂಡಿದ್ದ ಹಾಳೆಗಳು ಬಿಡಿಸುವಾಗ ಹೇಗೂ ಅದಲುಬದಲಾಗಿದ್ದುದರಿಂದ, ಒಂದು ಹಾಳೆಯ ಕೊನೆಯ ಪದಕ್ಕೆ ಇನ್ನೊಂದು ಹಾಳೆಯ ಮೊದಲ ಪದ ಹೊಂದುತ್ತದೆಯೇ ಎಂದು ಓದಿ ಓದಿ ನೀವು ಅವನ್ನು ಸಾಲಾಗಿ ಜೋಡಿಸುತ್ತಿದ್ದಿರಿ. ಲೆಕ್ಕಶಾಸ್ತ್ರದ ಒಂದಕ್ಷರವನ್ನೂ ಎಂದೂ ಓದದವರು ನೀವು.

ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು, ಸಮಾಧಾನದ ಮಾತೇನನ್ನೂ ಆಡದೆ, ನೀವು ಕೇಳಿದ್ದು ಒಂದೇ ಪ್ರಶ್ನೆ: "ಸವಕಳಿ ಅಂದರೆ ಏನು? ಅದು ಗೊತ್ತಾಗದೆ ಈ ಎರಡು ಹಾಳೆಗಳಲ್ಲಿ ಯಾವುದು ಮೊದಲು ಅಂತ ತಿಳಿಯುತ್ತಿಲ್ಲ." ನಾನು ನಿಮ್ಮ ಪಕ್ಕದಲ್ಲಿ ಕುಳಿತು, ಒಂದು ಯಂತ್ರವನ್ನು ವರ್ಷ ವರ್ಷ ಬಳಸಿದಂತೆ ಅದರ ಬೆಲೆಯನ್ನು ಲೆಕ್ಕದ ಪುಸ್ತಕದಲ್ಲಿ ಹೇಗೆ ಇಳಿಸುತ್ತ ಹೋಗುತ್ತಾರೆಂದು ವಿವರಿಸಿದೆ. ಹೇಳುತ್ತ ಹೇಳುತ್ತ, ಆ ಪಾಠ ನನಗೆ ಇನ್ನೂ ನೆನಪಿದೆಯೆಂಬುದು ನನಗೇ ತಿಳಿಯಿತು. ಬೆಳಗಾಗುವವರೆಗೂ ನೀವು ಹಾಳೆ ಒಣಗಿಸುತ್ತಿದ್ದಿರಿ, ನಾನು ಜೋಡಿಸುತ್ತಿದ್ದೆ. ಪರೀಕ್ಷೆ ಮುಗಿಯಿತು, ತೇರ್ಗಡೆಯಾದೆ. ಅದು ನಿಮಗೆ ತಿಳಿದದ್ದೇ.

ನಿಮಗೆ ನಾನು ಹೇಳದೆ ಉಳಿಸಿಕೊಂಡದ್ದು ಬೇರೊಂದಿದೆ. ಆ ದಿನ ಕಿಟಕಿ ತೆರೆದವಳು ನಾನು. ಮಧ್ಯಾಹ್ನ ಸೆಕೆ ತಾಳಲಾರದೆ ತೆರೆದು, ಹಾಗೆಯೇ ಬೀಗ ಹಾಕಿಕೊಂಡು ಹೊರಟಿದ್ದೆ. ತಪ್ಪನ್ನು ನೀವು ನಿಮ್ಮ ಮೇಲೆ ಹಾಕಿಕೊಂಡಾಗ ನನಗೆ ಬಾಯಿ ಬರಲಿಲ್ಲ, ಮರುದಿನವೂ ಬರಲಿಲ್ಲ, ಆಮೇಲೆ ಅದನ್ನು ಎತ್ತುವ ಸಂದರ್ಭವೇ ಸಿಗಲಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಎಷ್ಟೋ ಕಾಲದ ನಂತರ ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಹೊಳೆಯಿತು: ಅಂದು ನೀವು ಮನೆ ಬಿಟ್ಟದ್ದು ಬೆಳಿಗ್ಗೆ ಎಂಟಕ್ಕೆ, ಕೊನೆಗೆ ಬೀಗ ಹಾಕಿದವಳು ನಾನು. ಕಿಟಕಿ ತೆರೆದದ್ದು ಯಾರೆಂದು ನಿಮಗೆ ಅದನ್ನು ಮುಚ್ಚುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಹೇಳಿದಿರಿ, ಮತ್ತೆ ಎಂದೂ, ಜಗಳವಾಡಿದ ದಿನಗಳಲ್ಲಿ ಕೂಡ, ಆ ಮಾತನ್ನು ಎತ್ತಲಿಲ್ಲ. ಕ್ಷಮಿಸಿ ಎಂದು ಈಗ ಬರೆಯುತ್ತಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ನಾನು ಅದನ್ನು ಕಂಡುಕೊಂಡಿದ್ದೇನೆ ಎಂಬುದು ನಿಮಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಆ 86 ಹಾಳೆಗಳಲ್ಲಿ ಒಂದು ಮಾತ್ರ ಬಿಸಿ ಹೆಚ್ಚಾಗಿ ಸುಟ್ಟಿತ್ತು. ಇಸ್ತ್ರಿ ಪೆಟ್ಟಿಗೆಯ ಮೂತಿಯ ಕಂದು ಗುರುತು ಅದರ ನಡುವೆ ಮೂಡಿತ್ತು. ಅದನ್ನು ನೀವು ಹೊಸ ಹಾಳೆಯ ಮೇಲೆ ನಿಮ್ಮ ದುಂಡನೆಯ ಅಕ್ಷರಗಳಲ್ಲಿ ನಕಲು ಮಾಡಿ, ಏನೂ ಹೇಳದೆ ಉಳಿದವುಗಳ ನಡುವೆ ಸೇರಿಸಿಟ್ಟಿದ್ದಿರಿ. ನಿದ್ದೆಗಣ್ಣಿನಲ್ಲಿ ಐದು ಕಡೆ "ಸವಕಳಿ"ಯನ್ನು "ಸವಳಕಿ" ಎಂದು ಬರೆದಿದ್ದೀರಿ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಓದುವಾಗ ತಿದ್ದಲೆಂದು ಪೆನ್ನು ಎತ್ತಿದವಳು ಹಾಗೆಯೇ ಕೆಳಗಿಟ್ಟೆ.

ಸುಟ್ಟ ಹಾಳೆ ನನ್ನ ಬಳಿ ಇದೆ. ನಿಮ್ಮ ಕೈಬರಹದ ಹಾಳೆಯನ್ನು ಈ ಪತ್ರದೊಳಗೆ ಮಡಿಸಿ ಇಟ್ಟಿದ್ದೇನೆ. ಒಮ್ಮೆ ಓದಿ, ದಯವಿಟ್ಟು ನನಗೆ ಹಿಂದಿರುಗಿಸಿ.

ನಿಮ್ಮವಳು